ವಾಂತಿ, ಏದುಸಿರು, ಸಕ್ಕರೆ ಕಾಯಿಲೆ: ಐಸಿಯು ಹೊರಗೆ ಕೂತ ಮನೆಯವರು ಆನಯಾನ್ ಗ್ಯಾಪ್, ಕೀಟೋನ್ ರಿಪೋರ್ಟ್ ಓದುವುದು ಹೇಗೆ

ಬೆಳಗಿನ ಜಾವ ನಾಲ್ಕೂವರೆ ಗಂಟೆ. 24 ವರ್ಷದ ಹುಡುಗನೊಬ್ಬನನ್ನು ಅವನ ಅಣ್ಣ ಹೆಚ್ಚುಕಡಿಮೆ ಎತ್ತಿಕೊಂಡೇ ಎಮರ್ಜೆನ್ಸಿಗೆ ತಂದರು. ಹುಡುಗನಿಗೆ ಹನ್ನೊಂದನೇ ವಯಸ್ಸಿನಿಂದ ಟೈಪ್ 1 ಸಕ್ಕರೆ ಕಾಯಿಲೆ. ಎರಡು ದಿನದಿಂದ ವಾಂತಿ. ಊರಿನಲ್ಲಿ ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡು ಇಂಜೆಕ್ಷನ್ ಹಾಕಿಸಿದ್ದರು. ರಾತ್ರಿಯಿಂದ ಉಸಿರು ಜೋರಾಗಿದೆ. ನಾನು ನೋಡಿದಾಗ ನಿಮಿಷಕ್ಕೆ 34 ಸಲ ಉಸಿರಾಡುತ್ತಿದ್ದ. ಒಂದೊಂದು ಉಸಿರೂ ಆಳ, ಬೆಟ್ಟ ಹತ್ತಿ ಬಂದವನ ಹಾಗೆ. ಆದರೆ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಶ್ವಾಸಕೋಶ ಶುದ್ಧ. ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ.

"ಇನ್ಸುಲಿನ್ ಯಾವಾಗ ಕೊಟ್ಟಿದ್ದು?" ಅಂತ ಕೇಳಿದೆ. "ಊಟಾನೇ ಮಾಡ್ತಿಲ್ಲ ಅಲ್ವಾ ಡಾಕ್ಟ್ರೇ, ಶುಗರ್ ಪೂರ್ತಿ ಇಳಿದುಹೋದರೆ ಅಂತ ಎರಡು ದಿನದಿಂದ ನಿಲ್ಲಿಸಿದ್ವಿ" ಅಂದರು ಅಣ್ಣ.

ಇದು ಡಯಾಬಿಟಿಕ್ ಕೀಟೋಅಸಿಡೋಸಿಸ್. ವಾರ್ಡಿನಲ್ಲಿ ಎಲ್ಲರೂ ಡಿಕೆಎ ಅನ್ನುತ್ತಾರೆ. ಮುಂದಿನ ಹದಿನೆಂಟು ಗಂಟೆ ಆ ಅಣ್ಣ ಐಸಿಯು ಬಾಗಿಲಲ್ಲಿ ಕೂತಿದ್ದರು. ಒಳಗಿಂದ ಬರುವ ರಿಪೋರ್ಟುಗಳಲ್ಲಿ ಅವರಿಗೆ ಅರ್ಥವಾಗುತ್ತಿದ್ದದ್ದು ಶುಗರ್ ಒಂದೇ. ಈ ಕಾಯಿಲೆಯಲ್ಲಿ ಮನೆಯವರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದೂ ಅದೇ ಶುಗರ್. ಅವತ್ತು ಅವರಿಗೆ ಒಂದು ಹಾಳೆಯಲ್ಲಿ ಬರೆದು ತೋರಿಸಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು: ಒಳಗೆ ಏನಾಗಿದೆ

ಸಕ್ಕರೆ ರಕ್ತದಿಂದ ಜೀವಕೋಶದೊಳಗೆ ಹೋಗಲು ಇನ್ಸುಲಿನ್ ಬೇಕು. ಇನ್ಸುಲಿನ್ ಇಲ್ಲದಿದ್ದರೆ ರಕ್ತದ ತುಂಬ ಸಕ್ಕರೆ ಇದ್ದರೂ ದೇಹಕ್ಕೆ ಅದು ಉಪವಾಸವೇ. ಆಗ ದೇಹ ಕೊಬ್ಬನ್ನು ಕರಗಿಸಲು ಶುರುಮಾಡುತ್ತದೆ. ಲಿವರ್ ಆ ಕೊಬ್ಬನ್ನು ಕೀಟೋನ್ ಆಗಿ ಮಾರ್ಪಡಿಸುತ್ತದೆ. ಒಪ್ಪತ್ತು ಉಪವಾಸ ಮಾಡಿದರೆ ನಮ್ಮೆಲ್ಲರಲ್ಲೂ ಸ್ವಲ್ಪ ಕೀಟೋನ್ ಇರುತ್ತದೆ, ಅದರಿಂದ ತೊಂದರೆಯಿಲ್ಲ. ತಡೆಯಲು ಇನ್ಸುಲಿನ್ ಇಲ್ಲವೇ ಇಲ್ಲ ಅಂದಾಗ ಅದು ಮಿತಿಮೀರುತ್ತದೆ. ಕೀಟೋನ್‌ಗಳು ಆಮ್ಲಗಳು, ಅಂದರೆ ಹುಳಿ. ಅವು ರಕ್ತವನ್ನು ಹುಳಿಯಾಗಿಸುತ್ತವೆ.

ಆ ಹುಳಿಯನ್ನು ಇಳಿಸಲು ದೇಹಕ್ಕೆ ತಕ್ಷಣ ಗೊತ್ತಿರುವ ದೊಡ್ಡ ದಾರಿ: ಉಸಿರಿನ ಮೂಲಕ ಕಾರ್ಬನ್ ಡೈಆಕ್ಸೈಡ್ ಹೊರಹಾಕುವುದು. ಆ ಏದುಸಿರು ಅದಕ್ಕೇ. ಅದನ್ನು ಆಸ್ತಮಾ ಅಂತಲೋ, ಹೆದರಿಕೆ ಅಂತಲೋ ತಿಳಿದು ನಿದ್ದೆ ಮದ್ದು ಕೊಡಿ ಅಂತ ಕೇಳಬೇಡಿ. ಆ ಉಸಿರು ಅವನನ್ನು ಉಳಿಸಿಕೊಂಡಿರುತ್ತದೆ. ವಾಂತಿಯೂ ಈ ಹುಳಿಯಿಂದಲೇ ಬರುವಂಥದ್ದು. ಮೂತ್ರದಲ್ಲಿ ಸಕ್ಕರೆಯ ಜೊತೆ ಲೀಟರ್‌ಗಟ್ಟಲೆ ನೀರು ಹೋಗಿರುತ್ತದೆ. ವಾಂತಿ ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ.

ಹೆಜ್ಜೆ 1: ಡಾಕ್ಟರಿಗೆ ಕೂಡಲೇ ಹೇಳಬೇಕಾದ್ದು

ಕೊನೆಯ ಇನ್ಸುಲಿನ್ ಯಾವಾಗ, ಯಾವುದು, ಎಷ್ಟು ಯೂನಿಟ್. ಜ್ವರ, ಕೆಮ್ಮು, ಮೂತ್ರ ಉರಿ, ಎದೆನೋವು ಇತ್ತಾ. ಹೆಂಗಸಾದರೆ ಗರ್ಭಿಣಿಯಾ. ಮದ್ಯ ಕುಡಿದಿದ್ದರಾ, ಮುಜುಗರ ಬಿಟ್ಟು ಹೇಳಿ. ಜೊತೆಗೆ ಅವರು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನಲ್ಲ, ಮಾತ್ರೆಯ ಸ್ಟ್ರಿಪ್‌ಗಳನ್ನೇ ತನ್ನಿ.

ಸ್ಟ್ರಿಪ್ ಯಾಕೆ ಅಂದರೆ, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಟೈಪ್ 2 ಇರುವ ಎಷ್ಟೋ ಜನ ಇವನ್ನು ತೆಗೆದುಕೊಳ್ಳುತ್ತಾರೆ, ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಔಷಧಿಗಳೇ. ಆದರೆ ಇವುಗಳ ಮೇಲಿದ್ದವರಿಗೆ ಡಿಕೆಎ ಬಂದರೆ ಶುಗರ್ 180 ಇರಬಹುದು, 150 ಕೂಡ ಇರಬಹುದು. "ಶುಗರ್ ಚೆನ್ನಾಗೇ ಇದೆ, ಇದು ಬೇರೆ ಏನೋ" ಅಂತ ಎಲ್ಲರೂ ಅಂದುಕೊಳ್ಳುವ ಹೊತ್ತಿಗೆ ರಕ್ತ ಹುಳಿಯಾಗಿರುತ್ತದೆ. ಹೆಸರಿನ ಕೊನೆ "ಗ್ಲಿಫ್ಲೋಜಿನ್" ಅಂತಿದ್ದರೆ ಬಾಯಿಬಿಟ್ಟು ಹೇಳಿ: "ಈ ಮಾತ್ರೆ ತಗೊಳ್ತಾರೆ, ರಕ್ತದ ಕೀಟೋನ್ ನೋಡಿದ್ದೀರಾ?"

ಹೆಜ್ಜೆ 2: ರಿಪೋರ್ಟಿನಲ್ಲಿ ಮೂರು ಸಾಲು ಹುಡುಕಿ, ಒಂದು ಕಳೆಯುವ ಲೆಕ್ಕ ಮಾಡಿ

ಎಲೆಕ್ಟ್ರೊಲೈಟ್ಸ್ ಅಂತ ಬರುವ ರಿಪೋರ್ಟಿನಲ್ಲಿ ಸೋಡಿಯಂ, ಕ್ಲೋರೈಡ್ ಇರುತ್ತವೆ. ಹುಳಿಯನ್ನು ತಣಿಸುವ ಬೈಕಾರ್ಬನೇಟ್ ಅಲ್ಲೇ ಇರಬಹುದು, ಇಲ್ಲವೇ ಎಬಿಜಿ ಅಥವಾ ವಿಬಿಜಿ ಅನ್ನುವ ರಕ್ತದ ಗ್ಯಾಸ್ ಪರೀಕ್ಷೆಯ ಚಿಕ್ಕ ಉದ್ದನೆಯ ಚೀಟಿಯಲ್ಲಿ ಇರುತ್ತದೆ. ಲೆಕ್ಕ ಇಷ್ಟೇ:

```
Anion Gap = Na − (Cl + HCO3)
```

Na ಅಂದರೆ ಸೋಡಿಯಂ, Cl ಕ್ಲೋರೈಡ್, HCO3 ಬೈಕಾರ್ಬನೇಟ್. ಇದರ ಅರ್ಥ ಮನೆಯ ಜಮಾಖರ್ಚಿನ ಥರ. ರಕ್ತದಲ್ಲಿ ಪ್ಲಸ್ ಇರುವ ಕಣಗಳೂ ಮೈನಸ್ ಇರುವ ಕಣಗಳೂ ಯಾವಾಗಲೂ ಸಮ. ಪ್ಲಸ್ ಕಡೆ ದೊಡ್ಡ ಪಾಲು ಸೋಡಿಯಂನದು. ಮೈನಸ್ ಕಡೆ ನಾವು ಅಳೆಯುವುದು ಕ್ಲೋರೈಡ್ ಮತ್ತು ಬೈಕಾರ್ಬನೇಟ್. ಬಂದ ದುಡ್ಡಿನಲ್ಲಿ ಬರೆದಿಟ್ಟ ಎರಡು ಖರ್ಚು ಕಳೆದರೆ ಉಳಿಯುವುದು ಬರೆಯದ ಖರ್ಚು. ಆ ಉಳಿಕೆಯೇ ಗ್ಯಾಪ್. ಆರೋಗ್ಯವಂತರಲ್ಲಿ ಸೋಡಿಯಂ 140, ಕ್ಲೋರೈಡ್ 104, ಬೈಕಾರ್ಬನೇಟ್ 25 ಇದ್ದರೆ ಗ್ಯಾಪ್ 11. ಸಾಮಾನ್ಯವಾಗಿ 12ರ ಒಳಗೆ. ಆ ಬರೆಯದ ಖರ್ಚು ಹೆಚ್ಚಾಗಿ ಆಲ್ಬುಮಿನ್ ಅನ್ನುವ ಪ್ರೋಟೀನಿನದು. ಗ್ಯಾಪ್ ಇದ್ದಕ್ಕಿದ್ದಂತೆ ದೊಡ್ಡದಾದರೆ, ಪಟ್ಟಿಯಲ್ಲಿಲ್ಲದ ಯಾವುದೋ ಆಮ್ಲ ರಕ್ತಕ್ಕೆ ಬಂದಿದೆ ಅಂತ ಅರ್ಥ.

ನಮ್ಮ ಹುಡುಗನದು: ಸೋಡಿಯಂ 130, ಕ್ಲೋರೈಡ್ 94, ಬೈಕಾರ್ಬನೇಟ್ 6. 94ಕ್ಕೆ 6 ಕೂಡಿಸಿದರೆ 100. 130ರಲ್ಲಿ 100 ಕಳೆದರೆ 30. ಇರಬೇಕಾದ್ದಕ್ಕಿಂತ 18 ಹೆಚ್ಚು. ಬೈಕಾರ್ಬನೇಟ್ ಎಷ್ಟು ಕಡಿಮೆಯಾಗಿದೆ ನೋಡಿ: 24 ಇರಬೇಕಾದ್ದು 6 ಆಗಿದೆ, ಅಲ್ಲೂ 18. ಬಂದ ಹುಳಿಯನ್ನು ತಣಿಸಲು ದೇಹ ತನ್ನ ಬೈಕಾರ್ಬನೇಟ್ ಸುರಿದಿದೆ. ಎರಡೂ ಕಡೆಯ ಲೆಕ್ಕ ಹೀಗೆ ಸರಿಹೋದರೆ ಕಥೆ ಸ್ಪಷ್ಟ. ಅವನ ರಕ್ತದ ಪಿಎಚ್ 7.17. ಇರಬೇಕಾದ್ದು 7.35ರಿಂದ 7.45. ಪಿಎಚ್ ಇಳಿದಷ್ಟೂ ರಕ್ತ ಹೆಚ್ಚು ಹುಳಿ.

ಇಲ್ಲಿ ನಾಲ್ಕು ಕಡೆ ಎಡವುವುದುಂಟು. ಒಂದು, ಕೆಲವು ಯಂತ್ರಗಳು ಪೊಟ್ಯಾಸಿಯಂ ಅನ್ನೂ ಸೇರಿಸಿ ಗ್ಯಾಪ್ ಕೊಡುತ್ತವೆ, ಆಗ ಅಂಕಿ ಸುಮಾರು 4 ಹೆಚ್ಚು ಬರುತ್ತದೆ. ಒಮ್ಮೆ ಹಾಗೆ, ಒಮ್ಮೆ ಹೀಗೆ ಹೋಲಿಸಬೇಡಿ. ನೀವೇ ಕಳೆದು ನೋಡಿ. ಎರಡು, ಶುಗರ್ ತುಂಬ ಇದ್ದಾಗ ಡಾಕ್ಟರು "ಕರೆಕ್ಟೆಡ್ ಸೋಡಿಯಂ" ಅಂತ ಇನ್ನೊಂದು ಅಂಕಿ ಹೇಳಬಹುದು. ಗ್ಯಾಪ್‌ಗೆ ಅದು ಬೇಡ, ರಿಪೋರ್ಟಿನಲ್ಲಿ ಬಂದ ಸೋಡಿಯಂ ಸಾಕು. ಮೂರು, ವಯಸ್ಸಾದವರಲ್ಲಿ, ಲಿವರ್ ಅಥವಾ ಕಿಡ್ನಿ ಕಾಯಿಲೆಯವರಲ್ಲಿ ಆಲ್ಬುಮಿನ್ ಕಡಿಮೆ ಇರುತ್ತದೆ. 4ಕ್ಕಿಂತ ಒಂದು ಗ್ರಾಂ ಕಡಿಮೆಯಾದಂತೆಲ್ಲ ಗ್ಯಾಪ್ 2.5ರಷ್ಟು ಕುಗ್ಗುತ್ತದೆ. ಆಲ್ಬುಮಿನ್ 2 ಇರುವ ಅಜ್ಜಿಗೆ ಗ್ಯಾಪ್ 14 ಬಂದರೆ ಅದನ್ನು 19 ಅಂತ ಓದಬೇಕು.

ನಾಲ್ಕನೆಯದು ವಾಂತಿಗೇ ಸಂಬಂಧಿಸಿದ್ದು, ಅದನ್ನು ಬಿಡಿಸಿ ಹೇಳಲೇಬೇಕು. ವಾಂತಿಯಲ್ಲಿ ಹೊಟ್ಟೆಯ ಆಮ್ಲ ಹೊರಗೆ ಹೋಗುತ್ತದೆ. ಅದರಿಂದ ಬೈಕಾರ್ಬನೇಟ್ ಏರುತ್ತದೆ. ಅತ್ತ ಕೀಟೋನ್ ಅದನ್ನು ಇಳಿಸುತ್ತಿರುತ್ತದೆ. ಎರಡೂ ಸೇರಿ ಪಿಎಚ್ 7.36, ಬೈಕಾರ್ಬನೇಟ್ 19 ಅಂತ ಬಂದು, "ಪರವಾಗಿಲ್ಲ" ಅನ್ನಿಸಬಹುದು. ಆದರೆ ಗ್ಯಾಪ್ 27 ಇರುತ್ತದೆ. ಆ ಮರೆಯನ್ನು ಸರಿಸಿ ತೋರಿಸುವುದು ಗ್ಯಾಪ್ ಮತ್ತು ಕೀಟೋನ್ ಎರಡೇ. ಮೂರು ದಿನ ಬಿಡದೆ ವಾಂತಿ ಮಾಡಿದವರಲ್ಲಿ ಪಿಎಚ್ ಒಂದನ್ನೇ ನೋಡಿ ನೆಮ್ಮದಿಯಾಗಬೇಡಿ.

ಹೆಜ್ಜೆ 3: ಆ ಹುಳಿ ಯಾವುದು? ರಕ್ತದ ಕೀಟೋನ್ ನೋಡಿ

ಗ್ಯಾಪ್ "ಯಾವುದೋ ಆಮ್ಲ ಬಂದಿದೆ" ಅನ್ನುತ್ತದೆ, ಹೆಸರು ಹೇಳುವುದಿಲ್ಲ. ಹೆಸರು ಹೇಳುವುದು ಕೀಟೋನ್ ಪರೀಕ್ಷೆ. ಬೆರಳು ಚುಚ್ಚಿ ಗ್ಲುಕೋಮೀಟರಿನಂಥ ಯಂತ್ರದಲ್ಲಿ ನೋಡುವುದೂ ಇದೆ, ಲ್ಯಾಬಿಗೆ ಕಳಿಸುವುದೂ ಇದೆ. ಅಳೆಯುವುದು ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಅನ್ನುವ ಮುಖ್ಯ ಕೀಟೋನನ್ನು. 0.6 mmol/Lಗಿಂತ ಕಡಿಮೆ ಇದ್ದರೆ ಸರಿ. 3 ಅಥವಾ ಅದಕ್ಕಿಂತ ಹೆಚ್ಚು ಇದ್ದು, ಜೊತೆಗೆ ಪಿಎಚ್ 7.3ರ ಕೆಳಗೆ ಅಥವಾ ಬೈಕಾರ್ಬನೇಟ್ 18ರ ಕೆಳಗೆ ಇದ್ದರೆ, ಸಕ್ಕರೆ ಕಾಯಿಲೆಯವರಲ್ಲಿ ಅದು ಡಿಕೆಎ. ನಮ್ಮ ಹುಡುಗನದು 7.2.

ಅಂಕಿಯ ಪಕ್ಕದ ಯೂನಿಟ್ ನೋಡಿ. ಕೆಲವು ಲ್ಯಾಬ್‌ಗಳು mg/dL ಲೆಕ್ಕದಲ್ಲಿ ಕೊಡುತ್ತವೆ. ಅಲ್ಲಿ 1 mmol/L ಅಂದರೆ ಸುಮಾರು 10 mg/dL. ಹಾಗಾಗಿ 75 ಅಂತ ಕಂಡು ಗಾಬರಿಯಾಗುವ ಮೊದಲು ಯೂನಿಟ್ ಓದಿ, ಅದು 7ರ ಆಸುಪಾಸೇ.

ಮೂತ್ರದ ಕೀಟೋನ್ ಪಟ್ಟಿಯ ವಿಷಯ ಬೇರೆ. ಅದು ಅಳೆಯುವುದು ಅಸಿಟೋಅಸಿಟೇಟ್ ಅನ್ನುವ ಇನ್ನೊಂದು ಕೀಟೋನನ್ನು. ಚಿಕಿತ್ಸೆ ಕೆಲಸ ಮಾಡುತ್ತಿದ್ದಂತೆ ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಈ ಅಸಿಟೋಅಸಿಟೇಟ್ ಆಗಿ ಮಾರ್ಪಡುತ್ತದೆ. ಆಗ ರೋಗಿ ಸುಧಾರಿಸುತ್ತಿದ್ದರೂ ಮೂತ್ರದಲ್ಲಿ "4 ಪ್ಲಸ್" ಅಂತಲೇ ಬರಬಹುದು. ಮೊದಲ ಸಂಶಯಕ್ಕೆ ಮೂತ್ರದ ಪಟ್ಟಿ ಸಾಕು. ಗುಣ ಕಾಣುತ್ತಿದೆಯಾ ಅಂತ ತಿಳಿಯಲು ಅದನ್ನು ನಂಬಬೇಡಿ.

ಗ್ಯಾಪ್ ದೊಡ್ಡದಿದ್ದು ಕೀಟೋನ್ 1ರ ಹತ್ತಿರ ಇದ್ದರೆ ಆಮ್ಲ ಬೇರೆಯದು. ಸೋಂಕು ರಕ್ತಕ್ಕೆ ಏರಿದಾಗ, ಬಿಪಿ ಬಿದ್ದಾಗ ಲ್ಯಾಕ್ಟೇಟ್ ಅನ್ನುವ ಆಮ್ಲ ಏರುತ್ತದೆ. ಕಿಡ್ನಿ ನಿಂತಾಗ ಅದರದೇ ಆಮ್ಲಗಳು ಸೇರುತ್ತವೆ. ಕಿಡ್ನಿ ಕೆಟ್ಟಿದ್ದೂ ಮೆಟ್‌ಫಾರ್ಮಿನ್ ಮುಂದುವರಿಸಿದವರಲ್ಲಿ ಲ್ಯಾಕ್ಟೇಟ್ ತುಂಬ ಏರಬಹುದು. ಆಗ ಕೇಳಬೇಕಾದ ಪ್ರಶ್ನೆ: "ಲ್ಯಾಕ್ಟೇಟ್ ಎಷ್ಟು? ಕ್ರಿಯಾಟಿನಿನ್ ಎಷ್ಟು?"

ಹೆಜ್ಜೆ 4: ಒಂದು ಹಾಳೆ ಮಾಡಿಕೊಳ್ಳಿ

ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅದು ಎತ್ತ ಹೋಗುತ್ತಿದೆ ಅನ್ನುವುದರಿಂದ ತಿಳಿಯುತ್ತದೆ. ಶುಗರ್ ಗಂಟೆಗೊಮ್ಮೆ, ಎಲೆಕ್ಟ್ರೊಲೈಟ್ಸ್ ಎರಡರಿಂದ ನಾಲ್ಕು ಗಂಟೆಗೊಮ್ಮೆ ನೋಡುತ್ತಾರೆ. ಆ ಅಣ್ಣ ನನ್ನ ಕೈಯಿಂದ ಪೆನ್ನು ತಗೊಂಡು ಔಷಧಿ ಬಿಲ್ಲಿನ ಹಿಂದೆ ಗೆರೆ ಎಳೆದರು. ಅದು ಹೀಗೆ ತುಂಬಿತು:

| ಸಮಯ | ಶುಗರ್ | Na | Cl | HCO3 | ಗ್ಯಾಪ್ | ಕೀಟೋನ್ |
|---|---|---|---|---|---|---|
| ಬೆಳಗ್ಗೆ 5 | 486 | 130 | 94 | 6 | 30 | 7.2 |
| ಬೆಳಗ್ಗೆ 9 | 318 | 135 | 104 | 9 | 22 | 5.0 |
| ಮಧ್ಯಾಹ್ನ 1 | 228 | 137 | 108 | 12 | 17 | 3.1 |
| ಸಂಜೆ 7 | 190 | 138 | 112 | 15 | 11 | 0.9 |
| ರಾತ್ರಿ 11 | 176 | 139 | 113 | 16 | 10 | 0.5 |

ಮೊದಲ ಗಂಟೆಯಲ್ಲಿ ಒಂದು ಲೀಟರ್ ಸಲೈನ್ ಹೋಯಿತು. ಇನ್ಸುಲಿನ್ ಮಾತ್ರ ಪೊಟ್ಯಾಸಿಯಂ ರಿಪೋರ್ಟ್ ಬರುವವರೆಗೆ ಕಾದಿತ್ತು. ಇದು ನಿರ್ಲಕ್ಷ್ಯವಲ್ಲ. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ತಳ್ಳುತ್ತದೆ. ಮೊದಲೇ 3.5ಕ್ಕಿಂತ ಕಡಿಮೆ ಇದ್ದಾಗ ಇನ್ಸುಲಿನ್ ಕೊಟ್ಟರೆ ಹೃದಯದ ಬಡಿತವೇ ತಪ್ಪಬಹುದು, ಆಗ ಮೊದಲು ಪೊಟ್ಯಾಸಿಯಂ ತುಂಬಿಸಬೇಕು. ಇವನದು 5.2 ಇತ್ತು, ಹಾಗಾಗಿ ಶುರುಮಾಡಿದೆವು. ತೂಕ 50 ಕಿಲೋ, ಕಿಲೋಗೆ 0.1 ಯೂನಿಟ್ ಲೆಕ್ಕದಲ್ಲಿ ಗಂಟೆಗೆ 5 ಯೂನಿಟ್, ಸಿರಿಂಜ್ ಪಂಪಿನಲ್ಲಿ. ಒಂಬತ್ತು ಗಂಟೆಗೆ ಪೊಟ್ಯಾಸಿಯಂ 4.1ಕ್ಕೆ ಇಳಿದಿತ್ತು. ಅಷ್ಟರಲ್ಲಿ ಸಲೈನ್ ಬಾಟಲಿಗೆ ಪೊಟ್ಯಾಸಿಯಂ ಸೇರಿಸಿದ್ದೆವು. ಅದು ಹೋಗುವ ಕೈ ಉರಿಯಬಹುದು. ಉರಿದರೆ ಸಿಸ್ಟರನ್ನು ಕರೆಯಿರಿ. ಬೇಗ ಮುಗಿಯಲಿ ಅಂತ ಡ್ರಿಪ್ಪಿನ ಚಕ್ರವನ್ನು ನೀವು ಮುಟ್ಟಬೇಡಿ. ಪೊಟ್ಯಾಸಿಯಂ ಜೋರಾಗಿ ಹೋದರೆ ಪ್ರಾಣಕ್ಕೇ ಅಪಾಯ.

ಕೀಟೋನ್ ಎಷ್ಟು ಬೇಗ ಇಳಿಯಬೇಕು? ಮೊದಲ ಗಂಟೆಗಳಲ್ಲಿ ಗಂಟೆಗೆ ಸುಮಾರು 0.5ರಂತೆ ಇಳಿದರೆ ಸರಿದಾರಿ. ಮೇಲಿನ ಹಾಳೆಯಲ್ಲಿ 7.2ರಿಂದ 5.0ಕ್ಕೆ ನಾಲ್ಕು ಗಂಟೆ ಹಿಡಿದಿದೆ, ಲೆಕ್ಕ ಸರಿಯಾಗಿದೆ. ಇಳಿಯದೆ ನಿಂತರೆ ಮೊದಲು ನೋಡಬೇಕಾದ್ದು ಪಂಪ್ ಓಡುತ್ತಿದೆಯಾ, ಟ್ಯೂಬ್ ಮಡಚಿದೆಯಾ, ಕ್ಯಾನುಲಾ ಹಾಕಿದ ಜಾಗ ಊದಿದೆಯಾ ಅಂತ. ಹಾಸಿಗೆ ಪಕ್ಕ ಕೂತವರಿಗೆ ಇದು ನಮಗಿಂತ ಬೇಗ ಕಾಣುತ್ತದೆ, ಕಂಡರೆ ಹೇಳಿ. ಅದೆಲ್ಲ ಸರಿಯಿದ್ದರೆ ಡೋಸ್ ಸಾಲದು, ಅಥವಾ ಒಳಗೆ ಎಲ್ಲೋ ಸೋಂಕು ಉಳಿದಿದೆ.

ಹೆಜ್ಜೆ 5: ಶುಗರ್ ಇಳಿದ ಕೂಡಲೇ ನಡೆಯುವ ಜಗಳ

ಮಧ್ಯಾಹ್ನ ಒಂದು ಗಂಟೆ. ಶುಗರ್ 228. ಸಿಸ್ಟರ್ ಸಲೈನ್ ಜೊತೆಗೆ ಇನ್ನೊಂದು ಬಾಟಲಿ ನೇತುಹಾಕಿದರು. ಲೇಬಲ್ ಮೇಲೆ ಡೆಕ್ಸ್ಟ್ರೋಸ್ 5%. ಅಣ್ಣ ಓದಿಬಿಟ್ಟರು. ನೇರ ನನ್ನ ಹತ್ತಿರ ಬಂದರು. "ಏನ್ ಡಾಕ್ಟ್ರೇ, ಶುಗರ್ ಇರೋನಿಗೆ ಗ್ಲೂಕೋಸ್ ಹಾಕ್ತಿದ್ದೀರಾ? ಶುಗರ್ ಇಳೀತಲ್ಲ, ಇನ್ಸುಲಿನ್ ಯಾಕಿನ್ನೂ?"

ಅವರ ಕೋಪ ನ್ಯಾಯವಾದದ್ದೇ. ನಾನು ಅವರ ಹಾಳೆಯನ್ನೇ ತೋರಿಸಿದೆ. "ಶುಗರ್ ಸಾಲು ಬಿಡಿ. ಗ್ಯಾಪ್ ಎಷ್ಟಿದೆ?" "ಹದಿನೇಳು." "ಕೀಟೋನ್?" "ಮೂರು ಪಾಯಿಂಟ್ ಒಂದು." "ಹಂಗಾದ್ರೆ ಹುಳಿ ಹೋಗಿದೆಯಾ?" ಸ್ವಲ್ಪ ಹೊತ್ತು ಹಾಳೆ ನೋಡಿದರು. "ಇಲ್ಲ."

ಕೀಟೋನ್ ತಯಾರಾಗುವುದನ್ನು ನಿಲ್ಲಿಸುವುದು ಇನ್ಸುಲಿನ್ ಮಾತ್ರ. ಅದನ್ನು ನಿಲ್ಲಿಸಿದರೆ ಕೀಟೋನ್ ಮತ್ತೆ ಏರುತ್ತದೆ. ಆದರೆ ಇನ್ಸುಲಿನ್ ಮುಂದುವರಿಸಿದರೆ ಶುಗರ್ ಮಿತಿಗಿಂತ ಕೆಳಗೆ ಬೀಳುತ್ತದೆ. ಅದಕ್ಕೇ ಶುಗರ್ 250ರ ಕೆಳಗೆ ಬಂದಾಗ ಡೆಕ್ಸ್ಟ್ರೋಸ್ ಸೇರಿಸುತ್ತೇವೆ, ಇನ್ಸುಲಿನ್ ಅರ್ಧ ಮಾಡುತ್ತೇವೆ. ಅವನಿಗೆ ಗಂಟೆಗೆ 2.5 ಯೂನಿಟ್ ಆಯಿತು. ಆ ಗ್ಲೂಕೋಸ್ ಇನ್ಸುಲಿನ್‌ಗೆ ಕೆಲಸ ಮುಂದುವರಿಸಲು ಕೊಟ್ಟ ಆಸರೆ. ಮೊದಲೇ ಹೇಳಿದ "ಗ್ಲಿಫ್ಲೋಜಿನ್" ಮಾತ್ರೆಯವರಿಗೆ ಶುಗರ್ ಮೊದಲಿನಿಂದಲೇ ಕಡಿಮೆ ಇರುವುದರಿಂದ ಡೆಕ್ಸ್ಟ್ರೋಸ್ ಶುರುವಿನಲ್ಲೇ ಬೇಕಾಗುತ್ತದೆ.

ಈ ಹೊತ್ತಿನಲ್ಲಿ ಮನೆಯವರು ಹಾಸಿಗೆ ಪಕ್ಕ ಕೂತು ನೋಡಬಹುದಾದದ್ದು ಉಸಿರು. ಮಧ್ಯಾಹ್ನಕ್ಕೆ ಅವನ ಉಸಿರು ನಿಮಿಷಕ್ಕೆ 22ಕ್ಕೆ ಇಳಿದಿತ್ತು, ಅಣ್ಣನ ಹೆಸರು ಹಿಡಿದು ಕರೆದು ನೀರು ಕೇಳಿದ. ಉಸಿರು ನಿಧಾನವಾಗಿ ಎಚ್ಚರ ಜಾಸ್ತಿಯಾದರೆ ಒಳ್ಳೆಯ ಸುದ್ದಿ. ಉಸಿರು ನಿಧಾನವಾಗಿ ಮಂಪರು ಜಾಸ್ತಿಯಾದರೆ ದಣಿದು ಸೋಲುತ್ತಿದ್ದಾನೆ ಅಂತ, ಆ ಕ್ಷಣ ಕೂಗಿ ಕರೆಯಿರಿ. ಮಕ್ಕಳಲ್ಲಿ, ಹರೆಯದವರಲ್ಲಿ ಚಿಕಿತ್ಸೆಯ ನಡುವೆ ಜೋರು ತಲೆನೋವು, ಹೊಸದಾಗಿ ತೊದಲು, ವಿಚಿತ್ರ ಕಿರಿಕಿರಿ ಬಂದರೂ ಹಾಗೇ. ಮಿದುಳು ಊದಿಕೊಳ್ಳುತ್ತಿರಬಹುದು.

ಹೆಜ್ಜೆ 6: ಗ್ಯಾಪ್ ಸರಿಯಾಯಿತು, ಬೈಕಾರ್ಬನೇಟ್ ಇನ್ನೂ ಯಾಕೆ ಕಡಿಮೆ?

ಹಾಳೆಯ ಕೊನೆಯ ಸಾಲು ನೋಡಿ. ಕೀಟೋನ್ 0.5, ಗ್ಯಾಪ್ 10. ಆದರೂ ಬೈಕಾರ್ಬನೇಟ್ 16, ಮಾಮೂಲಿ 24. ಉತ್ತರ ಪಕ್ಕದ ಕಾಲಂನಲ್ಲಿದೆ: ಕ್ಲೋರೈಡ್ 94ರಿಂದ 113ಕ್ಕೆ ಏರಿದೆ. ಸಲೈನ್ ಅಂದರೆ ಉಪ್ಪುನೀರು, ಅದರಲ್ಲಿ ಕ್ಲೋರೈಡ್ ರಕ್ತಕ್ಕಿಂತ ತುಂಬ ಜಾಸ್ತಿ. ಲೀಟರ್‌ಗಟ್ಟಲೆ ಹೋದಾಗ ಅದು ಬೈಕಾರ್ಬನೇಟಿನ ಜಾಗ ಹಿಡಿಯುತ್ತದೆ. ಮೊದಲ ಹುಳಿ ಕೀಟೋನಿನದು, ಈಗ ಉಳಿದದ್ದು ಕ್ಲೋರೈಡಿನದು. ಇದಕ್ಕೆ ಇನ್ನಷ್ಟು ಇನ್ಸುಲಿನ್ ಬೇಡ. ಕಿಡ್ನಿ ಒಂದೆರಡು ದಿನದಲ್ಲಿ ಸರಿಪಡಿಸುತ್ತದೆ. ಬೈಕಾರ್ಬನೇಟ್ ಒಂದನ್ನೇ ನೋಡಿದ್ದರೆ "ಇನ್ನೂ ವಾಸಿಯಾಗಿಲ್ಲ" ಅಂತ ಅವನನ್ನು ಇನ್ನೊಂದು ದಿನ ಪಂಪಿನಲ್ಲೇ ಇಡುತ್ತಿದ್ದೆವು.

ಕೀಟೋನ್ 0.6ರ ಕೆಳಗೆ ಇದ್ದು, ಜೊತೆಗೆ ಪಿಎಚ್ 7.3 ಅಥವಾ ಹೆಚ್ಚು, ಬೈಕಾರ್ಬನೇಟ್ 18 ಅಥವಾ ಹೆಚ್ಚು, ಈ ಎರಡರಲ್ಲಿ ಒಂದಾದರೂ ಇದ್ದರೆ ಡಿಕೆಎ ಇಳಿದಂತೆ. ಅವನ ಪಿಎಚ್ ರಾತ್ರಿ ಹನ್ನೊಂದಕ್ಕೆ 7.32.

ಹೆಜ್ಜೆ 7: ಪಂಪ್ ತೆಗೆಯುವ ಹೊತ್ತು

ಸಿರಿಂಜ್ ಪಂಪಿನ ಇನ್ಸುಲಿನ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಪಂಪ್ ತೆಗೆದು, ಚರ್ಮದ ಕೆಳಗಿನ ಇನ್ಸುಲಿನ್ ಬೆಳಗ್ಗೆ ಕೊಡೋಣ ಅಂದರೆ ರಾತ್ರಿಯಿಡೀ ಇನ್ಸುಲಿನ್ ಇಲ್ಲ. ಗ್ಯಾಪ್ ಮತ್ತೆ ಬಾಯಿ ತೆರೆಯುತ್ತದೆ. ಹಾಗಾಗಿ ದಿನವಿಡೀ ಕೆಲಸ ಮಾಡುವ ಬೇಸಲ್ ಇನ್ಸುಲಿನ್ ಚುಚ್ಚಿದ ಮೇಲೂ ಒಂದೆರಡು ಗಂಟೆ ಪಂಪ್ ಓಡಬೇಕು. ಐಸಿಯುನಿಂದ ವಾರ್ಡಿಗೆ ಬದಲಾಯಿಸುವ ಗಡಿಬಿಡಿಯಲ್ಲಿ ಇದು ತಪ್ಪುವುದುಂಟು. ನೀವು ಕೇಳಿ: "ಬೇಸಲ್ ಇನ್ಸುಲಿನ್ ಎಷ್ಟು ಗಂಟೆಗೆ ಕೊಟ್ಟಿರಿ? ಪಂಪ್ ಯಾವಾಗ ನಿಲ್ಲಿಸ್ತೀರಿ?" ಎರಡೂ ಸಮಯವನ್ನು ಅದೇ ಹಾಳೆಯಲ್ಲಿ ಬರೆದುಕೊಳ್ಳಿ.

ಮನೆಗೆ ಹೋಗುವಾಗ

ಮೂರನೇ ದಿನ ಡಿಸ್ಚಾರ್ಜ್. ಅಣ್ಣನಿಗೆ ಹೇಳಿದ್ದರಲ್ಲಿ ಮೊದಲನೆಯದು: ಟೈಪ್ 1 ಇರುವವರು ಊಟ ಬಿಟ್ಟರೂ ಬೇಸಲ್ ಇನ್ಸುಲಿನ್ ಬಿಡಬಾರದು. ಡೋಸ್ ಕಡಿಮೆ ಮಾಡಬೇಕಾ ಅಂತ ಫೋನ್ ಮಾಡಿ ಕೇಳಬಹುದು, ಪೂರ್ತಿ ನಿಲ್ಲಿಸುವಂತಿಲ್ಲ. ಜ್ವರ, ವಾಂತಿ ಬಂದ ದಿನ ಮೂರು ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ. ಕೀಟೋನ್ ಮೀಟರ್ ಕೊಳ್ಳಲು ಆಗುವುದಾದರೆ ಕೊಳ್ಳಿ, ಸ್ಟ್ರಿಪ್ ದುಬಾರಿ, ಆದರೆ ಕಾಯಿಲೆಯ ದಿನ ಮಾತ್ರ ಬೇಕು. 0.6ರಿಂದ 1.5 ಇದ್ದರೆ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ಮತ್ತೆ ನೋಡಿ. 1.5 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. 3 ಮುಟ್ಟಿದರೆ, ಅಥವಾ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಉಸಿರು ಆಳವಾಗಿ ಜೋರಾದರೆ, ಶುಗರ್ ಎಷ್ಟೇ ಇರಲಿ ಆಸ್ಪತ್ರೆಗೆ ಹೊರಡಿ. "ಗ್ಲಿಫ್ಲೋಜಿನ್" ಮಾತ್ರೆಯವರು ವಾಂತಿ, ಜ್ವರದ ದಿನ ಆ ಮಾತ್ರೆ ನಿಲ್ಲಿಸಬೇಕು. ಮೊದಲೇ ಗೊತ್ತಿರುವ ಆಪರೇಷನ್‌ಗೆ ಮೂರು ದಿನ ಮುಂಚೆಯೂ ನಿಲ್ಲಿಸಬೇಕು, ಕೆಲವು ಮಾತ್ರೆಗೆ ನಾಲ್ಕು ದಿನ, ಯಾವುದಕ್ಕೆ ಎಷ್ಟು ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ಆ ಔಷಧಿ ಬಿಲ್ಲಿನ ಹಾಳೆಯನ್ನು ಅಣ್ಣ ಮಡಚಿ ತಮ್ಮನ ಇನ್ಸುಲಿನ್ ಡಬ್ಬಿಯೊಳಗೆ ಇಟ್ಟುಕೊಂಡರು. ಹಿಂಬದಿಯ ಖಾಲಿ ಜಾಗದಲ್ಲಿ 0.6, 1.5, 3 ಅಂತ ಮೂರು ಅಂಕಿ ಬರೆದು, ಮೂರರ ಪಕ್ಕ ನಮ್ಮ ಎಮರ್ಜೆನ್ಸಿಯ ಫೋನ್ ನಂಬರ್ ಬರೆಸಿಕೊಂಡರು.